ಜಂಟಿ ಖಾತೆ ಮತ್ತು ಜೂಜಿನ ಚಟ: ಮನೆಯ ದುಡ್ಡು ಉಳಿಸಿಕೊಳ್ಳುವ ಕ್ರಮ

ಆಲೂರು, ಸಕಲೇಶಪುರ, ಮೂಡಿಗೆರೆ ಕಡೆ ರೊಬಸ್ಟಾ ಕೊಯ್ಲು ಮುಗಿಯುವುದು ಮಾರ್ಚ್ ಹೊತ್ತಿಗೆ. ಅದರ ಹಿಂದೆಯೇ ಕಾಳುಮೆಣಸು. ವರ್ಷದ ದುಡ್ಡು ಖಾತೆಗೆ ಬಂದು ಬೀಳುವ ಸಮಯಕ್ಕೆ ಸರಿಯಾಗಿ ಐಪಿಎಲ್ ಶುರುವಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಬೆಟ್ಟಿಂಗ್ ಚಟ ಇದ್ದರೆ ವರ್ಷದಲ್ಲಿ ಅತಿ ಅಪಾಯದ ತಿಂಗಳುಗಳು ಇವೇ. ಆ ದುಡ್ಡು ಸಾಮಾನ್ಯವಾಗಿ ಗಂಡ–ಹೆಂಡತಿಯ ಜಂಟಿ ಖಾತೆಯಲ್ಲೋ, ತಾಯಿ–ಮಗನ ಜಂಟಿ ಖಾತೆಯಲ್ಲೋ ಇರುತ್ತದೆ.

ಇಂಥ ಮನೆಗಳಲ್ಲಿ ಮೊದಲು ಮಾಡುವ ಕೆಲಸ ಎಟಿಎಂ ಪಿನ್ ಬದಲಿಸುವುದು. ಅದರಿಂದ ಆಗುವ ಉಪಯೋಗ ಬಹಳ ಕಡಿಮೆ. ಜಂಟಿ ಖಾತೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಕಾರ್ಡ್, ಬೇರೆ ಬೇರೆ ಯುಪಿಐ ಇರುತ್ತದೆ. ನಿಮ್ಮ ಪಿನ್ ಬದಲಿಸಿದರೆ ಅವರ ಕಾರ್ಡ್ ನಿಲ್ಲುವುದಿಲ್ಲ. ಖಾತೆಯ ನಿಜವಾದ ಬೀಗ ಇರುವುದು ಖಾತೆ ತೆರೆದ ದಿನ ನೀವಿಬ್ಬರೂ ಸಹಿ ಹಾಕಿದ ಫಾರಂನಲ್ಲಿ, ಅದರ 'ಮೋಡ್ ಆಫ್ ಆಪರೇಷನ್' ಅನ್ನುವ ಸಾಲಿನಲ್ಲಿ.

ಮೊದಲು ಪಾಸ್‌ಬುಕ್ ತೆಗೆದು ಆ ಸಾಲು ನೋಡಿ

ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಹೆಸರುಗಳ ಹತ್ತಿರ E or S ಎಂದು ಇದ್ದರೆ ಅದು 'ಐದರ್ ಆರ್ ಸರ್ವೈವರ್'. ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ, ಇನ್ನೊಬ್ಬರನ್ನು ಕೇಳದೆ, ಪೂರ್ತಿ ದುಡ್ಡು ತೆಗೆಯಬಹುದು. ಗಂಡ–ಹೆಂಡತಿಯ ಖಾತೆಗಳು ಹೆಚ್ಚಾಗಿ ಹೀಗೇ ಇರುತ್ತವೆ, ಯಾಕೆಂದರೆ ಇದು ಅನುಕೂಲ. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರೇ ನಡೆಸಬಹುದು. 'ಜಾಯಿಂಟ್ಲಿ' ಎಂದಿದ್ದರೆ ಪ್ರತಿ ಸಲವೂ ಇಬ್ಬರ ಸಹಿ ಬೇಕು.

ಐದರ್ ಆರ್ ಸರ್ವೈವರ್ ಖಾತೆಯಿಂದ ಒಬ್ಬರು ಎಲ್ಲವನ್ನೂ ತೆಗೆದರೆ ಅದು ಬ್ಯಾಂಕಿನ ದೃಷ್ಟಿಯಲ್ಲಿ ವಂಚನೆಯಲ್ಲ. ನೀವೇ ಕೊಟ್ಟ ಒಪ್ಪಿಗೆಯಂತೆ ಬ್ಯಾಂಕ್ ನಡೆದುಕೊಂಡಿದೆ, ಅಷ್ಟೆ. ಹೋದ ದುಡ್ಡನ್ನು ಬ್ಯಾಂಕ್ ವಾಪಸ್ ತುಂಬಿಕೊಡುವುದಿಲ್ಲ. ನಿಮ್ಮ ಕಾರ್ಡನ್ನೇ ನಿಮ್ಮ ಪಿನ್ ಹಾಕಿ ಮನೆಯವರು ಬಳಸಿದ್ದರೂ ಅಷ್ಟೇ. ಪಿನ್ ಹಂಚಿಕೊಂಡಿದ್ದು ಗ್ರಾಹಕರ ತಪ್ಪು ಎಂದಾಗುತ್ತದೆ. ನೀವು ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ನಿಮ್ಮದೇ. ಹಾಗಾಗಿ ಮಾಡಬೇಕಾದ್ದೆಲ್ಲ ದುಡ್ಡು ಹೋಗುವ ಮೊದಲೇ ಆಗಬೇಕು.

ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ. ಆಲೂರು ತಾಲ್ಲೂಕಿನ ಒಂದು ಮನೆ ಎಂದುಕೊಳ್ಳಿ. ಗಂಡನಿಗೆ ನಾಲ್ಕು ಎಕರೆ ಕಾಫಿ. ಹೆಂಡತಿ ಹಾಸನದ ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ ₹18,000. ಜಂಟಿ ಖಾತೆಯಲ್ಲಿ ಏಪ್ರಿಲ್ ಮೊದಲ ವಾರ ₹2,86,000 ಇದೆ. ಸಂಬಳ ಬರುವುದೂ ಅದಕ್ಕೇ, ಡೇರಿಯ ಹಾಲಿನ ದುಡ್ಡು ಬರುವುದೂ ಅದಕ್ಕೇ. ಪ್ರತಿ ತಿಂಗಳು 5ಕ್ಕೆ ಪಿಕಪ್ ಗಾಡಿಯ ಕಂತು ₹11,400 ಕಟ್ ಆಗುವುದೂ ಅದರಿಂದಲೇ. ಇದರ ಜೊತೆಗೆ ಅತ್ತೆ ಮತ್ತು ಮಗನ ಹೆಸರಲ್ಲಿ ₹4 ಲಕ್ಷದ ಎಫ್‌ಡಿ ಇದೆ.

ಸ್ಟೇಟ್‌ಮೆಂಟ್ ಓದುವುದು

ಜಂಟಿ ಖಾತೆದಾರರಾಗಿ ಸ್ಟೇಟ್‌ಮೆಂಟ್ ಕೇಳುವುದು ನಿಮ್ಮ ಹಕ್ಕು. ಯಾರ ಒಪ್ಪಿಗೆಯೂ ಬೇಡ. ಮೂರು ತಿಂಗಳದ್ದು ತೆಗೆಸಿ.

ಅದರಲ್ಲಿ ಯಾವುದೋ ಗೇಮ್ ಕಂಪನಿಯ ಹೆಸರು ಸಿಗುತ್ತದೆ ಎಂದು ಹುಡುಕಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅಂಥ ಆಟಗಳಿಗೆ ಹಣ ಸಾಗಿಸಬಾರದು ಎಂದು ಬ್ಯಾಂಕುಗಳಿಗೂ ಅದರಲ್ಲಿ ಕಟ್ಟು ಹಾಕಿದೆ. ಆದರೆ ಕದ್ದುಮುಚ್ಚಿ ನಡೆಯುವ ಬೆಟ್ಟಿಂಗ್ ಆ್ಯಪ್‌ಗಳು, ಊರಿನ ಬುಕ್ಕಿಗಳು ಯಾರದೋ ವೈಯಕ್ತಿಕ ಯುಪಿಐ ಐಡಿಗೆ ದುಡ್ಡು ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದು ಪರಿಚಯವಿಲ್ಲದ ಮನುಷ್ಯರ ಹೆಸರುಗಳು, ಕೆಲವು ಸಲ ಯಾವುದೋ ಅಂಗಡಿಯ ಹೆಸರು.

ಗುರುತು ಸಿಗುವುದು ಲಯದಲ್ಲಿ. ₹500, ₹1,000, ₹2,000, ₹5,000 ಹೀಗೆ ದುಂಡು ಮೊತ್ತಗಳು. ಒಂದೇ ಸಂಜೆ ನಾಲ್ಕೈದು ಸಲ. ಆ್ಯಪ್‌ನಲ್ಲಿ ಸಮಯ ನೋಡಿದರೆ ರಾತ್ರಿ ಏಳೂವರೆಯಿಂದ ಹನ್ನೊಂದೂವರೆ, ಅಂದರೆ ಮ್ಯಾಚ್ ನಡೆಯುವ ಹೊತ್ತು. ಮಧ್ಯೆ ಅಪರೂಪಕ್ಕೆ ₹1,800ರಂಥ ಜಮಾ. ಆ ಚಿಕ್ಕ ಜಮಾಗಳೇ ಗಟ್ಟಿ ಸುಳಿವು. ಸಾಲ ತೀರಿಸುತ್ತಿರುವವರಿಗೆ ಅಪರಿಚಿತರಿಂದ ರಾತ್ರಿ ಹನ್ನೊಂದಕ್ಕೆ ದುಡ್ಡು ವಾಪಸ್ ಬರುವುದಿಲ್ಲ ಅಲ್ವಾ. ನಮ್ಮ ಉದಾಹರಣೆಯ ಮನೆಯಲ್ಲಿ ಒಂದು ವಾರದಲ್ಲಿ ಆರು ಬೇರೆ ಬೇರೆ ಹೆಸರಿಗೆ ₹64,500 ಹೋಗಿದೆ.

ಓಸಿ, ಮಟ್ಕಾ, ಅಂದರ್ ಬಾಹರ್ ಆದರೆ ಗುರುತು ಬೇರೆ. ಅಲ್ಲಿ ಯುಪಿಐ ಕಡಿಮೆ, ಎಟಿಎಂನಿಂದ ನಗದು ಜಾಸ್ತಿ. ವಾರದ ಸಂತೆಗೆ ₹2,000 ತೆಗೆಯುತ್ತಿದ್ದವರು ಒಂದೇ ದಿನ ಮೂರು ಸಲ ₹5,000 ತೆಗೆದಿರುತ್ತಾರೆ.

ಸ್ಟೇಟ್‌ಮೆಂಟ್ ಸಿಕ್ಕ ಸಂಜೆಯೇ ಅದನ್ನು ಮುಖದ ಮುಂದೆ ಹಿಡಿದು ಜಗಳ ತೆಗೆಯಬೇಡಿ. ಸೋತವರ ಮನಸ್ಸಿನಲ್ಲಿ ಓಡುವುದು ಒಂದೇ, "ಇವತ್ತು ಒಂದು ಸಲ ಹಾಕಿ ಹೋದದ್ದನ್ನೆಲ್ಲ ವಾಪಸ್ ತರ್ತೀನಿ". ಯುಪಿಐನಲ್ಲಿ ಸಾಮಾನ್ಯ ಮಿತಿ ದಿನಕ್ಕೆ ₹1 ಲಕ್ಷ. ಕೆಲವು ಬ್ಯಾಂಕುಗಳಲ್ಲಿ ಇನ್ನೂ ಕಡಿಮೆ. ರಾತ್ರಿ ಹನ್ನೆರಡು ದಾಟಿದ ಮೇಲೆ ಹೊಸ ದಿನದ ಮಿತಿ ಶುರುವಾಗುವ ಕಡೆ, ಹನ್ನೊಂದೂವರೆಯಿಂದ ಹನ್ನೆರಡೂವರೆಯೊಳಗೆ ₹2 ಲಕ್ಷ ಹೋಗಬಹುದು. ನೆಟ್ ಬ್ಯಾಂಕಿಂಗ್ ಇದ್ದರೆ ಮಿಕ್ಕಿದ್ದೂ ಹೋಗುತ್ತದೆ. ಮೊದಲು ಬೀಗ, ಆಮೇಲೆ ಮಾತು.

ನಿಮ್ಮ ಫೋನು, ನಿಮ್ಮ ಕಾರ್ಡು

ಇದು ಮನೆಯಲ್ಲೇ ಕೂತು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾರ ಯಾರ ಬೆರಳಚ್ಚು ಸೇರಿದೆ ನೋಡಿ. ಗಂಡನದೋ ಮಗನದೋ ಒಂದು ಬೆರಳು ಎಂದೋ ಸೇರಿಸಿದ್ದು ಹಾಗೇ ಇರುತ್ತದೆ. ಅದನ್ನು ಅಳಿಸಿ, ಲಾಕ್ ಸಂಖ್ಯೆ ಬದಲಿಸಿ. ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡಿ. ಇಲ್ಲದಿದ್ದರೆ ಫೋನ್ ತೆರೆಯದೆಯೇ ಒಟಿಪಿ ಓದಬಹುದು.

ಸಿಮ್ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಯುಪಿಐ ಆ್ಯಪ್ ನಿಮ್ಮನ್ನು ಗುರುತಿಸುವುದು ನಿಮ್ಮ ಸಿಮ್‌ನಿಂದ ಹೋಗುವ ಒಂದು ಎಸ್ಎಂಎಸ್ ಮೂಲಕ. ನಿಮ್ಮ ಸಿಮ್ಮನ್ನು ಐದು ನಿಮಿಷ ಇನ್ನೊಂದು ಫೋನಿಗೆ ಹಾಕಿ, ನಿಮ್ಮ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ಬಂದ ಒಟಿಪಿ ಕೊಟ್ಟರೆ ಹಲವು ಬ್ಯಾಂಕುಗಳಲ್ಲಿ ಹೊಸ ಯುಪಿಐ ಪಿನ್ ಸಿದ್ಧ. ಇದನ್ನು ತಡೆಯಲು ಸಿಮ್ ಲಾಕ್ ಹಾಕಬಹುದು. ಆಗ ಸಿಮ್ಮನ್ನು ಬೇರೆ ಫೋನಿಗೆ ಹಾಕಿದ ತಕ್ಷಣ ಪಿನ್ ಕೇಳುತ್ತದೆ. ಹಾಕುವ ಮೊದಲು ನಿಮ್ಮ ಮೊಬೈಲ್ ಕಂಪನಿಯ ಮೂಲ ಸಿಮ್ ಪಿನ್ ಏನು ಎಂದು ತಿಳಿದುಕೊಳ್ಳಿ. ಊಹೆ ಮಾಡಿ ಮೂರು ಸಲ ತಪ್ಪು ಒತ್ತಿದರೆ ಸಿಮ್ ಬಂದ್ ಆಗಿ, ಪಿಯುಕೆ ಸಂಖ್ಯೆಗಾಗಿ ಕಂಪನಿಯ ಹಿಂದೆ ಓಡಾಡಬೇಕಾಗುತ್ತದೆ.

ಇನ್ನು ಕಾರ್ಡು. ಆನ್‌ಲೈನ್, ಎಟಿಎಂ, ಅಂಗಡಿಯ ಯಂತ್ರ, ತಾಗಿಸಿ ಕೊಡುವುದು, ಇವನ್ನೆಲ್ಲ ಬೇರೆ ಬೇರೆಯಾಗಿ ಆಫ್ ಮಾಡುವ, ಮಿತಿ ಇಳಿಸುವ ಸೌಲಭ್ಯವನ್ನು ಪ್ರತಿ ಬ್ಯಾಂಕೂ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಜಾಗಕ್ಕೆ ಹೋದರೆ ಸಿಗುತ್ತದೆ. ಆನ್‌ಲೈನ್ ಮತ್ತು ತಾಗಿಸಿ ಕೊಡುವುದನ್ನು ಆಫ್ ಮಾಡಿ, ಎಟಿಎಂ ಮಿತಿಯನ್ನು ನಿಮ್ಮ ಸಂತೆ ಖರ್ಚಿಗೆ ಇಳಿಸಿ. ತಾಗಿಸಿ ಕೊಡುವಾಗ ₹5,000ವರೆಗೆ ಪಿನ್ನೇ ಕೇಳುವುದಿಲ್ಲ, ಅದಕ್ಕೇ ಅದು ಮುಖ್ಯ. ಯುಪಿಐ ಲೈಟ್‌ನಲ್ಲಿ ದುಡ್ಡು ಇಟ್ಟಿದ್ದರೆ ಖಾತೆಗೆ ವಾಪಸ್ ಹಾಕಿ ಮುಚ್ಚಿ, ಅದಕ್ಕೂ ಪಿನ್ ಬೇಡ. ಆಟೋಪೇ ಪಟ್ಟಿಯಲ್ಲಿ ಗೊತ್ತಿಲ್ಲದ್ದು ಇದ್ದರೆ ರದ್ದು ಮಾಡಿ.

ಇಷ್ಟು ಮಾಡಿದರೂ ಭದ್ರವಾದದ್ದು ನಿಮ್ಮ ಬಾಗಿಲು ಮಾತ್ರ. ಅವರ ಕಾರ್ಡು, ಅವರ ಯುಪಿಐ ಇನ್ನೂ ನಡೆಯುತ್ತಿವೆ.

ಬ್ಯಾಂಕಿಗೆ ಹೋಗುವ ಮೊದಲು ಸಂಬಳ, ಕಂತು ಬೇರೆ ಕಡೆ

ಅವರ ಬಾಗಿಲಿಗೂ ಬೀಗ ಬೀಳಬೇಕಾದರೆ ಬ್ಯಾಂಕಿಗೆ ಒಂದು ಪತ್ರ ಕೊಡಬೇಕು. ಅದನ್ನು ಕೊಟ್ಟರೆ ಖಾತೆ ಇಬ್ಬರಿಗೂ ನಿಲ್ಲುತ್ತದೆ, ನಿಮಗೂ. ಅದನ್ನು ಲೆಕ್ಕ ಹಾಕದೆ ಪತ್ರ ಕೊಟ್ಟು ಬಂದವರು 5ನೇ ತಾರೀಖು ಕಂತು ಬೌನ್ಸ್ ಆದ ಮೇಲೆ ಪರದಾಡುವುದನ್ನು ಕೌಂಟರ್ ಆಚೆ ಕೂತು ನೋಡಿದ್ದೇನೆ.

ನಿಮ್ಮ ಒಬ್ಬರದೇ ಹೆಸರಲ್ಲಿ ಒಂದು ಖಾತೆ ತೆರೆಯಿರಿ. ಬೇರೆ ಬ್ಯಾಂಕಿನಲ್ಲಾದರೆ ಒಳ್ಳೆಯದು. ಸಣ್ಣ ಊರಿನ ಶಾಖೆಯಲ್ಲಿ ಎಲ್ಲರೂ ಪರಿಚಯ. "ನಿಮ್ಮ ಮಿಸೆಸ್ ಮೊನ್ನೆ ಬಂದಿದ್ರಲ್ಲ ಸಾರ್" ಎಂದು ಒಳ್ಳೆಯ ಮನಸ್ಸಿನಿಂದಲೇ ಯಾರೋ ಹೇಳಿಬಿಡುತ್ತಾರೆ. ಆಧಾರ್, ಪ್ಯಾನ್ ಇದ್ದರೆ ಹಲವು ಬ್ಯಾಂಕುಗಳಲ್ಲಿ ವಿಡಿಯೋ ಕೆವೈಸಿ ಮೂಲಕ ಮನೆಯಿಂದಲೇ ತೆರೆಯಬಹುದು. ನಾಮಿನಿ ಹಾಕುವುದನ್ನು ಮರೆಯಬೇಡಿ.

ಆಮೇಲೆ ಸಂಬಳದ ಖಾತೆ ಸಂಖ್ಯೆ ಬದಲಿಸಲು ಶಾಲೆಗೆ ಅರ್ಜಿ ಕೊಡಿ. ಹಾಲಿನ ಸಂಘದಲ್ಲಿ ಸದಸ್ಯತ್ವ ನಿಮ್ಮ ಹೆಸರಲ್ಲಿದ್ದರೆ ಅಲ್ಲೂ ಬದಲಿಸಿ. ಗೃಹಲಕ್ಷ್ಮಿಯ ₹2,000 ಹೋಗುವುದು ಆಧಾರ್ ಜೋಡಣೆ ಆಗಿರುವ ಖಾತೆಗೆ. ಜೋಡಣೆ ಜಂಟಿ ಖಾತೆಗೆ ಇದ್ದರೆ, ಡಿಬಿಟಿಗೆ ಆಧಾರ್ ಜೋಡಿಸಿ ಎಂದು ಹೊಸ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟರೆ ಅಲ್ಲಿಗೆ ಬದಲಾಗುತ್ತದೆ. ಗಾಡಿಯ ಕಂತನ್ನು ಹೊಸ ಖಾತೆಗೆ ಹಾಕಿಸಲು ಸಾಲ ಕೊಟ್ಟವರಲ್ಲಿ ಹೊಸ ಮ್ಯಾಂಡೇಟ್ ಬರೆದುಕೊಡಬೇಕು. ಸಾಲ ಗಂಡನ ಹೆಸರಲ್ಲಿದ್ದರೆ ಇದಕ್ಕೆ ಅವರ ಸಹಿಯೂ ಬೇಕಾಗಬಹುದು, ಸಮಯವೂ ಹಿಡಿಯುತ್ತದೆ. ಅಲ್ಲಿಯವರೆಗೆ ಸಾಲದ ಖಾತೆಗೆ ನೇರವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಜಂಟಿ ಖಾತೆಯ ದುಡ್ಡನ್ನು ನಿಮ್ಮ ಖಾತೆಗೆ ಸಾಗಿಸಬಹುದಾ? ಐದರ್ ಆರ್ ಸರ್ವೈವರ್ ಆದರೆ ಬ್ಯಾಂಕ್ ತಡೆಯುವುದಿಲ್ಲ. ಆದರೆ ಬ್ಯಾಂಕ್ ತಡೆಯದಿರುವುದು ಬೇರೆ, ದುಡ್ಡು ಯಾರದು ಎನ್ನುವುದು ಬೇರೆ. ನಾಳೆ ಪ್ರಶ್ನೆ ಎದ್ದರೆ ಅದರಲ್ಲಿ ಯಾರು ಎಷ್ಟು ಹಾಕಿದ್ದರು ಎಂಬುದೇ ಲೆಕ್ಕಕ್ಕೆ ಬರುತ್ತದೆ. ನನ್ನ ಸಲಹೆ, ಪೂರ್ತಿ ಬಳಿದುಕೊಳ್ಳಬೇಡಿ. ನಿಮ್ಮ ಸಂಬಳದಿಂದ ಬಂದದ್ದು ಮತ್ತು ಮೂರು ತಿಂಗಳ ಮನೆ ಖರ್ಚು, ಕಂತು, ಮಕ್ಕಳ ಫೀಸು, ಇಷ್ಟು ಸಾಗಿಸಿ. ಯಾವುದಕ್ಕೆ ಎಷ್ಟು ಎಂದು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಸಮೇತ ಬರೆದಿಡಿ. ನಮ್ಮ ಉದಾಹರಣೆಯಲ್ಲಿ ಹೆಂಡತಿ ₹1,20,000 ಸಾಗಿಸುತ್ತಾಳೆ. ಉಳಿದ ₹1,66,000 ಕಾಫಿಯ ದುಡ್ಡು, ಅದು ಜಂಟಿ ಖಾತೆಯಲ್ಲೇ ಇರುತ್ತದೆ. ಅದಕ್ಕೆ ಬೀಗ ಹಾಕುವುದು ಮುಂದಿನ ಕೆಲಸ. ಸಾಗಿಸಿದ್ದು ಮೆಸೇಜಿನಲ್ಲಿ ಅವರಿಗೂ ಗೊತ್ತಾಗಬಹುದು. ಆದ್ದರಿಂದ ಸಾಗಿಸುವುದು ಮತ್ತು ಪತ್ರ ಕೊಡುವುದು ಒಂದೇ ಬೆಳಿಗ್ಗೆ ಆಗಲಿ.

ಶಾಖೆಯಲ್ಲಿ ಕೊಡಬೇಕಾದ ಪತ್ರ

ಕೌಂಟರ್‌ನಲ್ಲಿ ನೀವು ಬಹುಶಃ ಮೊದಲು ಕೇಳುವ ಮಾತು "ಇಬ್ಬರೂ ಬರಬೇಕು ಮೇಡಂ". ಇಲ್ಲಿ ಎರಡು ಬೇರೆ ವಿಷಯಗಳಿವೆ. ಖಾತೆ ನಡೆಸುವ ಕ್ರಮವನ್ನು ಕಾಯಂ ಆಗಿ ಬದಲಿಸಲು ಇಬ್ಬರ ಸಹಿ ಬೇಕು, ಅದು ನಿಜ. ಆದರೆ ಒಬ್ಬರೇ ನಡೆಸಬಹುದು ಎಂದು ಹಿಂದೆ ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ಒಬ್ಬರ ಲಿಖಿತ ಸೂಚನೆ ಸಾಕು ಎಂಬುದು ಬ್ಯಾಂಕುಗಳಲ್ಲಿ ನಡೆದುಬಂದಿರುವ ಪದ್ಧತಿ. ಖಾತೆದಾರರ ನಡುವೆ ತಕರಾರು ಇದೆ ಎಂದು ಬರಹದಲ್ಲಿ ಬಂದ ಮೇಲೆ, ಇಬ್ಬರೂ ಸೇರಿ ಸಹಿ ಮಾಡುವವರೆಗೆ ದುಡ್ಡು ತೆಗೆಯುವುದನ್ನು ಬ್ಯಾಂಕ್ ನಿಲ್ಲಿಸುತ್ತದೆ. ನೀವು ಕೇಳುತ್ತಿರುವುದು ಈ ಎರಡನೆಯದನ್ನು. ಪತ್ರ ಹೀಗಿರಲಿ:

"ಶಾಖಾ ವ್ಯವಸ್ಥಾಪಕರಿಗೆ. ಉಳಿತಾಯ ಖಾತೆ ಸಂಖ್ಯೆ ______ ರಲ್ಲಿ ನಾನು ಜಂಟಿ ಖಾತೆದಾರಳು. ಈ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ಒಬ್ಬರೇ ನಡೆಸಬಹುದು ಎಂದು ನಾನು ಕೊಟ್ಟಿದ್ದ ಒಪ್ಪಿಗೆಯನ್ನು ಇಂದಿನಿಂದ ಹಿಂಪಡೆಯುತ್ತಿದ್ದೇನೆ. ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ಚೆಕ್, ಡೆಬಿಟ್ ಕಾರ್ಡ್, ಯುಪಿಐ, ನೆಟ್ ಮತ್ತು ಮೊಬೈಲ್ ಬ್ಯಾಂಕಿಂಗ್ ಮೂಲಕ ಹಣ ತೆಗೆಯಲು ಅವಕಾಶ ಕೊಡಬಾರದು. ಈ ಖಾತೆಯ ಮೇಲೆ ಓವರ್‌ಡ್ರಾಫ್ಟ್ ಅಥವಾ ಆ್ಯಪ್ ಮೂಲಕದ ಸಾಲವನ್ನು ನನ್ನ ಒಪ್ಪಿಗೆ ಇಲ್ಲದೆ ಕೊಡಬಾರದು. ಖಾತೆಯ ಎಸ್ಎಂಎಸ್ ನನ್ನ ಮೊಬೈಲಿಗೂ ಬರುವಂತೆ ಮಾಡಬೇಕು."

ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಎಂದು ಒಂದೊಂದನ್ನೂ ಹೆಸರಿಸಿ. "ಖಾತೆ ನಿಲ್ಲಿಸಿ" ಎಂದಷ್ಟೇ ಬರೆದರೆ ಚೆಕ್ ನಿಲ್ಲಿಸಿ ಯುಪಿಐ ಬಿಟ್ಟುಬಿಡುವ ಸಾಧ್ಯತೆ ಇದೆ. ಜೂಜಿನ ವಿಷಯ ಬರೆಯಲೇಬೇಕೆಂದಿಲ್ಲ, ಕಾರಣ ಕೊಡುವ ಅಗತ್ಯವೂ ಇಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ತಾರೀಖು, ಸಮಯ ಹಾಕಿಸಿಕೊಳ್ಳಿ. ಅದೇ ಪತ್ರವನ್ನು ಶಾಖೆಯ ಇಮೇಲ್‌ಗೂ ಕಳಿಸಿ. ಆ ಸಮಯದ ನಂತರ ಹಣ ಹೋದರೆ ಬ್ಯಾಂಕ್ ಉತ್ತರ ಹೇಳಬೇಕಾಗುತ್ತದೆ. ಪತ್ರ ತೆಗೆದುಕೊಳ್ಳದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ.

ಬೀಗ ಬಿದ್ದಿದೆಯೇ ಎಂದು ಪರೀಕ್ಷಿಸುವುದು ಸುಲಭ. ಮರುದಿನ ನಿಮ್ಮದೇ ಯುಪಿಐನಿಂದ ಆ ಖಾತೆಯಿಂದ ₹1 ಕಳಿಸಲು ನೋಡಿ. ಹೋದರೆ ಕೆಲಸ ಆಗಿಲ್ಲ ಎಂದರ್ಥ, ಪ್ರತಿ ಹಿಡಿದುಕೊಂಡು ಮತ್ತೆ ಶಾಖೆಗೆ ಹೋಗಿ.

ಅತ್ತೆಯ ಎಫ್‌ಡಿ

ಇಲ್ಲಿ ಸ್ವಲ್ಪ ನೆಮ್ಮದಿಯ ಸುದ್ದಿ ಇದೆ. ಜಂಟಿ ಎಫ್‌ಡಿ ಐದರ್ ಆರ್ ಸರ್ವೈವರ್ ಆಗಿದ್ದರೂ, ಅವಧಿಗೆ ಮೊದಲೇ ಮುರಿಯಲು ಇಬ್ಬರ ಸಹಿಯನ್ನೂ ಬ್ಯಾಂಕ್ ಕೇಳಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅಪಾಯ ಇರುವುದು ಅವಧಿ ಮುಗಿದ ದಿನ. ಅಂದು ಒಬ್ಬರ ಸಹಿ ಸಾಕು. ಹಾಗಾಗಿ ಬಾಂಡಿನಲ್ಲಿರುವ ತಾರೀಖು ನೋಡಿ. ಅಷ್ಟರೊಳಗೆ ಅತ್ತೆಯನ್ನು ಕರೆದುಕೊಂಡು ಹೋಗಿ, ಇಬ್ಬರ ಸಹಿ ಇಲ್ಲದೆ ಹಣ ಕೊಡಬಾರದು, ಎಫ್‌ಡಿಯ ಮೇಲೆ ಸಾಲ ಕೊಡಬಾರದು ಎಂದು ಅವರಿಂದ ಪತ್ರ ಕೊಡಿಸಿ. ಮೊಬೈಲ್ ಆ್ಯಪ್‌ನಲ್ಲೇ ಮಾಡಿದ ಎಫ್‌ಡಿ ಆದರೆ ಈ ನೆಮ್ಮದಿ ಇಲ್ಲ. ಅದು ಆ್ಯಪ್‌ನಲ್ಲೇ ಒಂದು ನಿಮಿಷದಲ್ಲಿ ಮುರಿಯುತ್ತದೆ.

"ಸಹಿ ಹಾಕಮ್ಮ, ಗೊಬ್ಬರಕ್ಕೆ ಬೇಕು" ಎಂದರೆ ತಾಯಂದಿರು ಹಾಕಿಬಿಡುತ್ತಾರೆ. ಅವರಿಗೆ ಮೊದಲೇ ವಿಷಯ ತಿಳಿಸದೆ ಯಾವ ಪತ್ರವೂ ಕೆಲಸ ಮಾಡುವುದಿಲ್ಲ. ಲಾಕರ್ ಜಂಟಿಯಾಗಿದ್ದರೆ ಅದನ್ನು ತೆರೆಯುವ ಕ್ರಮವನ್ನೂ ನೋಡಿ. ಚಿನ್ನ ಅಡವಿಟ್ಟು ದುಡ್ಡು ತರಲು ಅರ್ಧ ಗಂಟೆ ಸಾಕು.

ಈಗ ಮಾತು

ಪತ್ರ ಕೊಟ್ಟ ದಿನವೇ ನೀವೇ ಹೇಳಿ. ಪೆಟ್ರೋಲ್ ಬಂಕಿನಲ್ಲಿ ಯುಪಿಐ ನಡೆಯದೆ ಅವರಿಗೆ ಗೊತ್ತಾಗುವುದು ಬೇಡ. ಅತ್ತೆಯೋ, ಅವರು ಮಾತು ಕೇಳುವ ಭಾವನೋ ಜೊತೆಗಿರಲಿ. ಹೊಡೆಯುವ ಸ್ವಭಾವ ಇದ್ದರೆ ಒಬ್ಬರೇ ಕೂತು ಹೇಳಬೇಡಿ. ಮಹಿಳಾ ಸಹಾಯವಾಣಿ 181 ನೆನಪಿರಲಿ.

ಅವರು ಒಪ್ಪಿದರೆ ಖಾತೆಯನ್ನು ಕಾಯಂ ಆಗಿ ಬದಲಿಸಿ. ಬದಲಿಸುವಾಗ ಬರೀ 'ಜಾಯಿಂಟ್ಲಿ' ಎಂದಲ್ಲ, 'ಜಾಯಿಂಟ್ಲಿ ಆರ್ ಸರ್ವೈವರ್' ಎಂದು ಕೇಳಿ. ಬರೀ ಜಾಯಿಂಟ್ಲಿ ಆದರೆ ಒಬ್ಬರು ತೀರಿಕೊಂಡಾಗ ಉಳಿದವರಿಗೆ ದುಡ್ಡು ನೇರವಾಗಿ ಸಿಗುವುದಿಲ್ಲ. ಇಬ್ಬರ ಸಹಿಯ ಖಾತೆಗೆ ಸಾಮಾನ್ಯವಾಗಿ ಡೆಬಿಟ್ ಕಾರ್ಡ್, ಯುಪಿಐ ಕೊಡುವುದಿಲ್ಲ. ಪ್ರತಿ ಸಲ ಚೆಕ್ಕು, ಶಾಖೆಗೆ ಓಡಾಟ. ಕಾಫಿ, ಮೆಣಸಿನ ದುಡ್ಡಿಗೆ ಇದು ಅಡ್ಡಿಯಲ್ಲ, ವರ್ಷಕ್ಕೆ ಕೆಲವೇ ಸಲ ತೆಗೆಯುವುದಲ್ಲವಾ.

ಅವರ ಕೈಯನ್ನು ಪೂರ್ತಿ ಖಾಲಿ ಮಾಡಬೇಡಿ. ಒಂದು ರೂಪಾಯಿಯೂ ಇಲ್ಲದಂತೆ ಮಾಡಿದರೆ ಕೈಸಾಲ, ಆಮೇಲೆ ಮೀಟರ್ ಬಡ್ಡಿ. ಡೀಸೆಲ್, ಆಳಿನ ಕೂಲಿ, ಕೈಖರ್ಚಿಗೆ ಅವರದೇ ಸಣ್ಣ ಖಾತೆಗೆ ವಾರಕ್ಕೊಮ್ಮೆ ಗೊತ್ತಾದ ಮೊತ್ತ ಹಾಕಿ. ಇನ್ನೊಂದು ದಾರಿ ಯುಪಿಐ ಸರ್ಕಲ್. ನಿಮ್ಮ ಖಾತೆಗೆ ಅವರನ್ನು ಎರಡನೆಯವರಾಗಿ ಸೇರಿಸಿ, ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಬೇಕು ಎನ್ನುವ ಆಯ್ಕೆ ಇಟ್ಟುಕೊಳ್ಳಿ. ಅವರು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ, ನಿಮ್ಮ ಪಿನ್ ಒತ್ತಿದರೆ ಮಾತ್ರ ಹಣ ಹೋಗುತ್ತದೆ. ತೋಟದಲ್ಲಿ ನೆಟ್‌ವರ್ಕ್ ಸಿಗದ ಕಡೆ ಇದು ಕಿರಿಕಿರಿ. ನನಗೇನೋ ವಾರದ ಖಾತೆಯೇ ಮೇಲು ಅನಿಸುತ್ತದೆ. ಪ್ರತಿ ಟೀಗೂ ಹೆಂಡತಿಯನ್ನು ಕೇಳುವ ಗಂಡಸು ಬೇಗ ಬೇರೆ ದಾರಿ ಹುಡುಕುತ್ತಾನೆ.

ಈ ಬೀಗಕ್ಕೆ ಸಿಗದವು

ಅವರ ಒಬ್ಬರದೇ ಹೆಸರಿನ ಸಾಲ, ಕ್ರೆಡಿಟ್ ಕಾರ್ಡನ್ನು ನೀವು ನಿಲ್ಲಿಸಲಾಗದು. ಆದರೆ ನೀವು ಜಾಮೀನೋ ಜಂಟಿ ಅರ್ಜಿದಾರರೋ ಆಗಿಲ್ಲದಿದ್ದರೆ ಅದನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ಫೋನ್ ಮಾಡಿ ಹೆದರಿಸುವವರಿಗೆ "ನನ್ನ ಸಹಿ ಇರುವ ಕಾಗದ ಕಳಿಸಿ" ಎಂದು ಕೇಳಿ. ಕ್ರೆಡಿಟ್ ಕಾರ್ಡ್ ನಿಮ್ಮದಾಗಿ, ಅವರಿಗೆ ಆಡ್‌-ಆನ್ ಕಾರ್ಡ್ ಕೊಡಿಸಿದ್ದರೆ ಲೆಕ್ಕ ತಿರುಗಿಬೀಳುತ್ತದೆ. ಅದರ ಪೂರ್ತಿ ಸಾಲ ನಿಮ್ಮದು. ಅದನ್ನು ಇವತ್ತೇ ಬ್ಲಾಕ್ ಮಾಡಿ.

ನಿಮ್ಮ ಹೆಸರಲ್ಲೇ ಗೊತ್ತಿಲ್ಲದ ಸಾಲ ಎದ್ದಿದೆಯೇ ಎಂದು ನೋಡಲು ಕ್ರೆಡಿಟ್ ವರದಿ ತೆಗೆಯಿರಿ. ಸಿಬಿಲ್ ಸೇರಿದಂತೆ ಸಾಲದ ಲೆಕ್ಕ ಇಡುವ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಬೇರೆ ಬೇರೆ ಸಂಸ್ಥೆಯದನ್ನು ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ.

ಚಟಕ್ಕೆ ಚಿಕಿತ್ಸೆ ಬೇರೆಯೇ ಬೇಕು. ಟೆಲಿ ಮಾನಸ್ ಸಂಖ್ಯೆ 14416, ಪುಕ್ಕಟೆ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯವರೂ ಕರೆ ಮಾಡಬಹುದು. ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದ ಗೀಳಿಗೆಂದೇ 'ಶಟ್' ಕ್ಲಿನಿಕ್ ಇದೆ. ಚಿಕಿತ್ಸೆ ಶುರುವಾಗಿ ನಾಲ್ಕು ತಿಂಗಳಿಗೆ "ಈಗ ಸರಿ ಹೋಗಿದ್ದೀನಿ, ಖಾತೆ ಮೊದಲಿನ ಹಾಗೆ ಮಾಡು" ಎನ್ನುವ ಬೇಡಿಕೆ ಬರುತ್ತದೆ. ಒಂದು ಪೂರ್ತಿ ಕೊಯ್ಲಿನ ದುಡ್ಡು ಬಂದು, ಅದರ ನಂತರದ ಐಪಿಎಲ್ ಮುಗಿಯುವವರೆಗೆ ಆ ಫಾರಂಗೆ ಸಹಿ ಹಾಕಬೇಡಿ.